ಕ್ಯಾಶ್‌ಲೆಸ್ ಮಂಜೂರಾದ ಮೇಲೂ ಕೇಳಿದ ಡಿಪಾಸಿಟ್

ಅಮ್ಮನ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ಆಸ್ಪತ್ರೆಯೊಂದು 1,35,000 ರೂಪಾಯಿಯ ಅಂದಾಜು ಕೊಟ್ಟಿತ್ತು. ವಿಮಾ ಕಂಪನಿಯಿಂದ ಮೊದಲ ಹಂತದಲ್ಲಿ 60,000 ಮಂಜೂರಾಯಿತು. ಇನ್ಶೂರೆನ್ಸ್ ಡೆಸ್ಕಿನವರು ಉಳಿದದ್ದರ ಭದ್ರತೆಗೆಂದು 40,000 ಡಿಪಾಸಿಟ್ ಕೇಳಿದರು. ಮೊದಲ ಮಂಜೂರಾತಿ ಸಾಮಾನ್ಯವಾಗಿ ಅಂದಾಜಿನ ಒಂದು ಭಾಗಕ್ಕೆ ಮಾತ್ರ ಸಿಗುತ್ತದೆ. ಅಂತಿಮ ಬಿಲ್ ಕಳುಹಿಸಿದಾಗ ಮಿಕ್ಕದ್ದು ಸೇರುತ್ತದೆ. ಆದ್ದರಿಂದ ಆ ವ್ಯತ್ಯಾಸವನ್ನೇ ನಮ್ಮ ಬಾಕಿಯೆಂದು ಎಣಿಸುವುದು ಸರಿಯಲ್ಲವೆಂದು ವಾದಿಸಿ, ವಿಮೆಗೆ ಒಳಪಡದ ಖರ್ಚಿಗಷ್ಟೇ 10,000 ಕಟ್ಟಿ, ರಸೀದಿಯ ಮೇಲೆ ‘ಹಿಂದಿರುಗಿಸತಕ್ಕ ಡಿಪಾಸಿಟ್’ ಎಂದು ಬರೆಸಿಕೊಂಡೆ.

ಬಿಡುಗಡೆಯ ದಿನ ಬಿಲ್ 1,31,400 ಆಗಿತ್ತು; ಅಂತಿಮ ಮಂಜೂರಾತಿ 1,16,950. ಕೌಂಟರಿನವರು 14,450ರ ವ್ಯತ್ಯಾಸವನ್ನು ನಮ್ಮ ಲೆಕ್ಕಕ್ಕೆ ಹಾಕಿ, ಡಿಪಾಸಿಟ್ ಕಳೆದು ಇನ್ನೂ 4,450 ಕೊಡಿ ಎಂದರು. ನಾನು ಮಂಜೂರಾತಿ ಪತ್ರದ ಪ್ರತಿ ಕೇಳಿ ಪಡೆದು, ಕಡಿತದ ಪ್ರತಿಯೊಂದು ಸಾಲಿನ ಕಾರಣವನ್ನೂ ಓದಿದೆ.

ಅದರಲ್ಲಿ 9,800, ಆಸ್ಪತ್ರೆಯು ವಿಮಾ ಕಂಪನಿಯೊಂದಿಗೆ ಒಪ್ಪಿಕೊಂಡ ಪ್ಯಾಕೇಜ್ ದರಕ್ಕಿಂತ ಹೆಚ್ಚಾಗಿ ಹಾಕಿದ ಮೊತ್ತ. ಒಪ್ಪಿದ ದರದ ಮೇಲೆ ರೋಗಿಯಿಂದ ಹಣ ಪಡೆಯುವಂತಿಲ್ಲ, ವಿಮೆಗೆ ಒಳಪಡದ ಖರ್ಚನ್ನುಳಿದು ಬೇರೇನನ್ನೂ ಡಿಪಾಸಿಟ್‌ನಿಂದ ಕಳೆಯುವಂತಿಲ್ಲ ಎಂಬ ಷರತ್ತು ಅದೇ ಪತ್ರದ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ‘ಸರ್, ಎಲ್ಲರ ಹತ್ರಾನೂ ತಗೋತೀವಿ’ ಎಂದ ಹುಡುಗ ಮ್ಯಾನೇಜರ್ ಬಳಿ ಹೋಗಿ ಬಂದು, ಮಾತಿಲ್ಲದೆ ಅದನ್ನು ಹೊಡೆದುಹಾಕಿದ.

ಉಳಿದ 4,650ರಲ್ಲಿ ಅಡ್ಮಿಷನ್ ಕಿಟ್‌ನ 850 ಮತ್ತು ಕಡತ ತೆರೆದ ಶುಲ್ಕವೆಂದು ಹಾಕಿದ 500 ಇದ್ದವು. ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಯ ಪ್ರಕಾರ ಇವು ಕೊಠಡಿ ಬಾಡಿಗೆಯೊಳಗೇ ಸೇರಿರಬೇಕಾದವು. ಪ್ರತ್ಯೇಕವಾಗಿ ಬಿಲ್ ಮಾಡಿದ್ದರಿಂದಲೇ ವಿಮಾ ಕಂಪನಿ ತಳ್ಳಿಹಾಕಿತ್ತು. ತುಸು ಹೊತ್ತಿನ ಚರ್ಚೆಯ ನಂತರ ಇವನ್ನೂ ತೆಗೆದರು. ಕೈಗವಸು, ಇಸಿಜಿ ಎಲೆಕ್ಟ್ರೋಡ್, ಜೊತೆಗಿದ್ದ ನನ್ನ ಊಟ ಇವೆಲ್ಲ ಸೇರಿ 3,300 ಮಾತ್ರ ನಿಜಕ್ಕೂ ನಮ್ಮದು. ಅದನ್ನು ತಕರಾರಿಲ್ಲದೆ ಕೊಟ್ಟೆ.

ನಮ್ಮ ಪಾಲಿಸಿಯಲ್ಲಿ ಸಹಪಾವತಿ ಇರಲಿಲ್ಲ. ಇದ್ದಿದ್ದರೆ ಆ ಶೇಕಡಾವಾರು ಪಾಲನ್ನೂ ಕೊಡಬೇಕಿತ್ತು. ದಿನಕ್ಕೆ 4,000ದ ಬಾಡಿಗೆ ಮಿತಿಯೊಳಗಿನ ಕೊಠಡಿಯನ್ನೇ ಹಿಡಿದದ್ದೂ ಒಳ್ಳೆಯದಾಯಿತು. 8,000ದ ಕೊಠಡಿ ಆರಿಸಿದ್ದರೆ ಬಾಡಿಗೆಯ ವ್ಯತ್ಯಾಸದ ಜೊತೆಗೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳಲ್ಲೂ ಅದೇ ಅನುಪಾತದ ಕಡಿತ ಬೀಳಬಹುದಿತ್ತು, ಆ ಕಡಿತದ ವಿರುದ್ಧ ಪತ್ರದ ಷರತ್ತೂ ನೆರವಾಗುತ್ತಿರಲಿಲ್ಲ.

ಡಿಪಾಸಿಟ್‌ನಲ್ಲಿ ಉಳಿದ 6,700 ‘ವಿಮಾ ಕಂಪನಿಯಿಂದ ಹಣ ಬಂದ ಮೇಲೆ’ ಎಂದರು. ರಸೀದಿಯ ಬರಹ ತೋರಿಸಿದ ಮೇಲೆ ಸಂಜೆಯೊಳಗೆ ನನ್ನ ಖಾತೆಗೆ ಬಂತು.