ಹಸಿ ಕೊಬ್ಬರಿ ಹೆರೆದು ಇಡುವ ರೀತಿ

ಕಾಯಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕುಡುಗೋಲಿನ ಬಾಯಿಯಿಂದಲೇ ಹೊಡೆಯುವ ಹುಡುಗಿಯರನ್ನು ನೋಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಹೊಡೆತ ಸ್ವಲ್ಪ ಜಾರಿದರೆ ಬೆರಳೇ ಹೋಯಿತು. ಹೇಳಿದರೆ "ಏನಾಗಲ್ಲ ಬಿಡಿ ಅಜ್ಜಿ" ಅನ್ನುತ್ತಾರೆ. ಅದಕ್ಕೇ ಬರೆಯಲು ಕೂತೆ.

ಹಳೆಯ ಅರಿವೆಯನ್ನು ಸುತ್ತಿ ಸಿಂಬಿ ಮಾಡಿ ನೆಲದ ಮೇಲಿಡಿ. ಅದರ ಮೇಲೆ ಕಾಯಿಯನ್ನು ಅಡ್ಡ ಮಲಗಿಸಿ. ಜುಟ್ಟಿನ ಕಡೆ ಕೈ ಇರಲಿ, ಹೊಟ್ಟೆಯ ಭಾಗಕ್ಕೆ ಕುಡುಗೋಲಿನ ಬೆನ್ನಿನಿಂದ ಹೊಡೆಯಿರಿ. ಒಂದೇ ಏಟಿಗೆ ಒಡೆಯಬೇಕೆಂಬ ಹಟ ಬೇಡ. ಒಂದು ಏಟು, ಸ್ವಲ್ಪ ತಿರುಗಿಸುವುದು, ಮತ್ತೊಂದು ಏಟು. ಗಟ್ಟಿ ಇದ್ದ ಸಪ್ಪಳ ಬಿರುಕು ಬಿಟ್ಟ ಮಡಕೆಯದಾಗುತ್ತದೆ. ಆಗ ಪಾತ್ರೆ ಹತ್ತಿರ ಎಳೆದುಕೊಳ್ಳಿ, ನೀರು ಇಳಿಯುತ್ತದೆ. ಆ ನೀರನ್ನು ಮೊದಲು ಮೂಸಿ ನೋಡಿ. ಹುಳಿ ವಾಸನೆ ಇದ್ದರೆ ಆ ಕಾಯಿಯ ಆಸೆ ಬಿಡಿ, ತುರಿದು ಹೋಳಿಗೆಯ ಹೂರಣಕ್ಕೆ ಹಾಕಿ ಎಲ್ಲವನ್ನೂ ಕೆಡಿಸಬೇಡಿ.

ಹೆರಮಣೆಯಲ್ಲಿ ತುರಿಯುವಾಗ ನಡುವಿನಿಂದ ಶುರು ಮಾಡುವವರೇ ಜಾಸ್ತಿ. ಹಾಗೆ ಮಾಡಿದರೆ ಅಂಚಿನಲ್ಲಿ ತೆಳ್ಳಗಿನ ಪಟ್ಟಿ ಉಳಿಯುತ್ತದೆ, ಅದನ್ನು ತೆಗೆಯಲು ಹೋಗಿ ಕೈ ಹಲ್ಲಿಗೆ ಬಡಿಯುತ್ತದೆ. ಮಣೆಯ ಮೇಲೆ ಕಾಲು ಗಟ್ಟಿಯಾಗಿ ಇಟ್ಟು, ಬೆರಳುಗಳೆಲ್ಲ ಚಿಪ್ಪಿನ ಹೊರಗೇ ಇರುವಂತೆ ಹಿಡಿದು, ಅಂಚಿನಿಂದ ಸುತ್ತ ತಿರುಗಿಸುತ್ತ ಬನ್ನಿ. ಕಂದು ಸಿಪ್ಪೆ ಕಾಣಿಸಿತೋ, ನಿಲ್ಲಿಸಿ. ಕೊನೆಯಲ್ಲಿ ಬರುವ ಕಂದು ತುರಿ ಬೇರೆ ಬಟ್ಟಲಿಗೆ, ಅದು ಮಸಾಲೆಗೆ ಸಾಕು. ಕೆಲಸ ಮುಗಿದ ಮೇಲೆ ಹೆರಮಣೆಯ ಹಲ್ಲು ಗೋಡೆಯ ಕಡೆ ಮುಖ ಮಾಡಿರಲಿ, ಮನೆಯಲ್ಲಿ ಕೂಸುಗಳು ಓಡಾಡುತ್ತವೆ.

ಹೋಳುಗಳನ್ನು ಚಿಪ್ಪಿನಿಂದ ಬಿಡಿಸಬೇಕಾದರೆ ಚೂಪು ಚಾಕು ತಿವಿಯಬೇಡಿ. ಚಿಪ್ಪಿನ ಕಡೆಯನ್ನು ಸಣ್ಣ ಉರಿಯಲ್ಲಿ ತಿರುಗಿಸಿ ಕಾಯಿಸಿ, ಆರಲು ಬಿಡಿ, ಆಮೇಲೆ ಚಮಚದ ಹಿಡಿಯಿಂದ ಎಬ್ಬಿಸಿ.

ಈಗ ಉಳಿದದ್ದನ್ನು ಇಡುವ ಮಾತು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ಬಂದರೆ ಮನೆಯಲ್ಲಿ ಕಾಯಿ ಹೋಳುಗಳು ರಾಶಿ ಬೀಳುತ್ತವೆ. ಬಿಸಿಲಲ್ಲಿ ಚೀಲದೊಳಗೆ ಬೆಂದು ಬಂದವು ಅವು. ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆಯಿರಿ. ಕುಂಕುಮ ಹತ್ತಿದ್ದನ್ನು ಒದ್ದೆ ಅರಿವೆಯಿಂದ ಒರೆಸಿ, ಮತ್ತೆ ಒಣ ಅರಿವೆಯಿಂದ ಒರೆಸಿ. ಜುಟ್ಟಿನ ಕಡೆಯ ಹೋಳನ್ನು ಮೊದಲು ಬಳಸಿ, ಕಣ್ಣುಗಳ ಹತ್ತಿರ ಬೇಗ ಕೆಡುತ್ತದೆ.

ಉಳಿದದ್ದನ್ನೆಲ್ಲ ಅಂದೇ ತುರಿಯಿರಿ. ತುರಿಯನ್ನು ಅಗಲವಾದ ತಾಟಿನಲ್ಲಿ ಹರವಿ ಕೈಯಿಂದ ಬಿಡಿಬಿಡಿಯಾಗಿಸಿ. ಕೈ ಒಣಗಿರಲಿ, ತಾಟೂ ಒಣಗಿರಲಿ. ಶೇಂಗಾ ಚಟ್ನಿಯ ಡಬ್ಬಿಗೆ ಹಸಿ ಚಮಚ ಹಾಕಿ ಬೂಸು ಹಿಡಿಸುವವರು ಈ ಮಾತನ್ನು ಎರಡು ಸಲ ಓದಿಕೊಳ್ಳಿ. ಒಂದು ಸಲದ ಪಲ್ಯಕ್ಕೋ ಚಟ್ನಿಗೋ ಎಷ್ಟು ಬೇಕೋ ಅಷ್ಟೇ ತುರಿಯನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ. ಉಂಡೆ ಕಟ್ಟಿದಂತೆ ಒತ್ತಬೇಡಿ. ಚೀಲವನ್ನು ಮಲಗಿಸಿ ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ, ತುರಿ ಥಾಲಿಪಟ್ಟಿಯಷ್ಟು ತೆಳ್ಳಗೆ ಹರಡಲಿ, ಒಳಗಿನ ಗಾಳಿ ಬಾಯಿಯಿಂದ ಹೊರಗೆ ಹೋಗಲಿ. ಆಮೇಲೆ ಬಾಯಿ ಕಟ್ಟಿ, ಚೀಲದ ಮೇಲಿನಿಂದಲೇ ಚಮಚದ ಹಿಡಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಒತ್ತಿ ಫ್ರೀಜರಿನಲ್ಲಿ ಚಪ್ಪಟೆಯಾಗಿ ಇಡಿ. ಗಟ್ಟಿಯಾದ ಮೇಲೆ ಗೆರೆಯಲ್ಲಿ ಮುರಿದು ಬೇಕಾದಷ್ಟು ತುಂಡು ತೆಗೆಯಬಹುದು. ತೆಳ್ಳಗಿರುವುದರಿಂದ ಬೇಗ ತಣಿಯುತ್ತದೆ, ಬೇಗ ಕರಗುತ್ತದೆ. ಡಬ್ಬಿಯಲ್ಲಿ ಗಟ್ಟಿ ಗಡ್ಡೆ ಮಾಡಿಟ್ಟು, ಅದನ್ನು ಚಾಕುವಿನಿಂದ ಕೆತ್ತಿ ಕೈ ಕೊಯ್ದುಕೊಳ್ಳುವ ಪಾಡು ಬೇಕಾ? ಕರಗಿದ್ದನ್ನು ಮಾತ್ರ ಮತ್ತೆ ಫ್ರೀಜರಿಗೆ ಇಡಬೇಡಿ.

ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟರೆ ಎರಡು ಮೂರು ದಿನದಲ್ಲಿ ಮುಗಿಸಿ. ಬೆರಳಿಗೆ ಲೋಳೆ ಹತ್ತಿದರೆ, ಗುಲಾಬಿ ಅಥವಾ ಹಳದಿ ಚುಕ್ಕೆ ಕಂಡರೆ, ತಿಂದಾಗ ಸಾಬೂನಿನ ರುಚಿ ಬಂದರೆ ಎಸೆಯಿರಿ. ಮೇಲಿನದನ್ನು ಕೆರೆದು ಒಳಗಿನದನ್ನು ಬಳಸುವ ಜಾಣತನ ಬೇಡ.

ನಮ್ಮ ಅತ್ತೆಯ ಕಾಲದಲ್ಲಿ ಫ್ರಿಜ್ಜು ಎಲ್ಲಿತ್ತು? ಹೋಳುಗಳನ್ನು ಮಾಳಿಗೆಯ ಮೇಲೆ ಮುಖ ಮೇಲೆ ಮಾಡಿ ಒಣಗಿಸುತ್ತಿದ್ದರು, ಸಂಜೆ ತಪ್ಪದೆ ಒಳಗೆ ತರುತ್ತಿದ್ದರು. ಕೆಲವು ದಿನದಲ್ಲಿ ಕೊಬ್ಬರಿ ಚಿಪ್ಪಿನಿಂದ ತಾನಾಗಿ ಬಿಡುತ್ತಿತ್ತು, ಅದನ್ನು ಮತ್ತೆ ಒಣಗಿಸಿ ಇಡುತ್ತಿದ್ದರು. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಈಗಲೂ ಇದು ನಡೆಯುತ್ತದೆ. ಮಳೆಗಾಲದ ಮೋಡದಲ್ಲಿ ಮಾತ್ರ ಮಾಡಲು ಹೋಗಬೇಡಿ, ಒಣಗುವ ಮೊದಲೇ ಬೂಸು ಹಿಡಿಯುತ್ತದೆ.