ಸಕ್ಕರೆ ಇಳಿದಾಗ ನಾನು ಕುಡಿಯುವುದು ಯಾವುದು, ಎಷ್ಟು

ನನಗೆ ಮಧುಮೇಹ ಬಂದು ಹದಿನಾಲ್ಕು ವರ್ಷವಾಗಿದೆ. ತಿಪಟೂರಿನ ಹತ್ತಿರ ನಮ್ಮದೊಂದು ಚಿಕ್ಕ ತೆಂಗಿನ ತೋಟವಿದೆ, ಪ್ರೌಢಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಅಲ್ಲಿಯೇ ಕಳೆಯುತ್ತೇನೆ. ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮತ್ತು ವೋಗ್ಲಿಬೋಸ್ ಎಂಬ ಮೂರು ಔಷಧಗಳು ಒಂದೇ ಮಾತ್ರೆಯಲ್ಲಿರುವುದನ್ನು ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗುತ್ತೇನೆ. ಈ ಮೂರನೆಯ ಹೆಸರನ್ನು ನಾನು ಮಾತ್ರೆಯ ಹಾಳೆಯ ಮೇಲೆ ಓದಿದ್ದೆನೇ ಹೊರತು, ಅದರಿಂದ ಏನಾಗುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ.

ಒಂದು ದಿನ ಬೋರ್‌ವೆಲ್ ಮೋಟಾರು ಕೆಟ್ಟಿದೆಯೆಂದು ಒಂದೇ ಇಡ್ಲಿ ತಿಂದು, ಮಾತ್ರೆಯನ್ನು ಎಂದಿನಂತೆ ನುಂಗಿ ತೋಟಕ್ಕೆ ಓಡಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಮನೆಗೆ ಬಂದು ಕುಳಿತಾಗ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಫ್ಯಾನಿನ ಕೆಳಗಿದ್ದರೂ ಅಂಗಿ ಒದ್ದೆಯಾಗಿತ್ತು. "ಏನ್ರೀ, ಹೀಗೆ ಬೆವರ್ತಾ ಇದ್ದೀರಲ್ಲ, ಶುಗರ್ ಇಳಿದಿರಬೇಕು" ಎಂದು ಹೆಂಡತಿ ಗ್ಲೂಕೋಮೀಟರ್ ತಂದಳು. ಅದು 58 ತೋರಿಸಿತು. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕೂಡಲೇ ಏನಾದರೂ ಮಾಡಬೇಕು ಎಂಬುದು ನಮಗಿಬ್ಬರಿಗೂ ಗೊತ್ತಿತ್ತು. ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿದಳು. ಹದಿನೈದು ನಿಮಿಷದ ಮೇಲೆ ನೋಡಿದರೆ 61. ಮತ್ತೆ ಅಷ್ಟೇ ಸಕ್ಕರೆ ನೀರು ಕುಡಿದೆ, ಮತ್ತೆ ಕಾದೆವು, 66 ಆಯಿತು. ಆಮೇಲೆ ಗಾಬರಿಯಲ್ಲಿ ಎರಡು ಚಪಾತಿ, ಒಂದು ಲೋಟ ಹಾಲು, ಒಂದು ತುಂಡು ಬೆಲ್ಲ, ಕೈಗೆ ಸಿಕ್ಕಿದ್ದೆಲ್ಲ ಹೊಟ್ಟೆಗೆ ಹೋಯಿತು. ಎಪ್ಪತ್ತನ್ನು ದಾಟಲು ಸುಮಾರು ಒಂದು ಗಂಟೆ ಹಿಡಿಯಿತು, ಸಂಜೆಗೆ ಅದೇ ಸಕ್ಕರೆ 290ಕ್ಕೆ ಏರಿತು.

ಮಾರನೆಯ ದಿನ ವೈದ್ಯರಿಗೆ ಬರೆದಿಟ್ಟ ಅಂಕಿಗಳನ್ನು ತೋರಿಸಿದೆ. ಅವರು ಮೊದಲು ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ, "ಮೇಷ್ಟ್ರೇ, ಇದರಲ್ಲಿ ವೋಗ್ಲಿಬೋಸ್ ಇದೆ. ನಿಮಗೆ ಸಕ್ಕರೆ ನೀರು ಬೇಗ ಕೆಲಸ ಮಾಡೋದಿಲ್ಲ. ಗ್ಲೂಕೋಸ್ ಪುಡಿಯೇ ಬೇಕು" ಎಂದರು.

ಅವರು ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನಾವು ಕಾಫಿಗೆ ಹಾಕುವ ಸಕ್ಕರೆಯ ಒಂದೊಂದು ಕಣವೂ ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಎಂಬ ಎರಡು ಸಕ್ಕರೆಗಳು ಕೂಡಿಕೊಂಡಿರುವ ಜೋಡಿ. ಅದು ರಕ್ತಕ್ಕೆ ಸೇರಬೇಕಾದರೆ ಸಣ್ಣ ಕರುಳಿನಲ್ಲಿರುವ ಕಿಣ್ವವೊಂದು ಆ ಜೋಡಿಯನ್ನು ಒಡೆಯಬೇಕು. ವೋಗ್ಲಿಬೋಸ್ ಮತ್ತು ಅದೇ ಗುಂಪಿನ ಅಕಾರ್ಬೋಸ್ ಈ ಕಿಣ್ವವನ್ನೇ ತಡೆಯುತ್ತವೆ; ಊಟದ ನಂತರ ಸಕ್ಕರೆ ಒಮ್ಮೆಲೇ ಏರದಿರಲೆಂದು ಅವುಗಳನ್ನು ಕೊಡುವುದೇ ಈ ಕಾರಣಕ್ಕೆ. ಆದ್ದರಿಂದ ಅಂದು ನಾನು ಕುಡಿದ ಸಕ್ಕರೆ ನೀರು ಕರುಳಿನಲ್ಲಿ ಒಡೆಯದೆ ಕಾಯುತ್ತಿತ್ತು, ಚಪಾತಿಯ ಪಿಷ್ಟಕ್ಕೂ ಅದೇ ಗತಿಯಾಯಿತು, ಎಲ್ಲವೂ ತಡವಾಗಿ ಒಟ್ಟಿಗೆ ಒಳಗೆ ಬಂದಾಗ ಸಂಜೆಯ ಅಂಕಿ ಮೇಲೇರಿತು. ಗ್ಲೂಕೋಸ್‌ಗಾದರೆ ಒಡೆಯುವ ಕೆಲಸವೇ ಇಲ್ಲ, ಕರುಳಿನಿಂದ ನೇರವಾಗಿ ರಕ್ತಕ್ಕೆ ಹೋಗುತ್ತದೆ.

ವೋಗ್ಲಿಬೋಸ್ ತೆಗೆದುಕೊಳ್ಳದವರಿಗೆ ಸಕ್ಕರೆ ನೀರು ಒಳ್ಳೆಯ ಔಷಧವೇ. ಗ್ಲೂಕೋಸ್ ಪುಡಿ ಹುಡುಕುತ್ತಾ ಅವರು ಹೊತ್ತು ಕಳೆಯಬಾರದು, ಅಡುಗೆಮನೆಯ ಡಬ್ಬಿಯಲ್ಲಿರುವ ಸಕ್ಕರೆಯನ್ನೇ ಸಮತಟ್ಟಾದ ನಾಲ್ಕು ಟೀ ಚಮಚದಷ್ಟು ಕಲಸಿ ಕುಡಿಯಬಹುದು. ಆದರೂ ಎರಡನ್ನೂ ಹೋಲಿಸಿದರೆ ಗ್ಲೂಕೋಸ್ ನೀರೇ ಮುಂದೆ, ಏಕೆಂದರೆ ಸಕ್ಕರೆಯ ಅರ್ಧ ಭಾಗವಾದ ಫ್ರುಕ್ಟೋಸ್ ಯಕೃತ್ತಿಗೆ ಹೋಗಿ ಅಲ್ಲಿಯೇ ಹೆಚ್ಚಾಗಿ ಬಳಕೆಯಾಗುತ್ತದೆ, ರಕ್ತದ ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ.

ಎಷ್ಟು ಕುಡಿಯಬೇಕೆಂದು ಕೇಳಿದಾಗ ವೈದ್ಯರು ಹದಿನೈದು ಗ್ರಾಂ ಎಂದರು. ಅಷ್ಟು ಕುಡಿದು ಹದಿನೈದು ನಿಮಿಷ ಕಾದು ಮತ್ತೆ ಅಳೆಯಬೇಕು. ಆಗಲೂ ಎಪ್ಪತ್ತಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಬೇಕು. ಇದು ದೊಡ್ಡವರ ಅಳತೆ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕಾಗುತ್ತದೆ, ಅದನ್ನು ಅವರ ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಗ್ರಾಂ ಲೆಕ್ಕವನ್ನು ಮನೆಯ ಚಮಚಕ್ಕೆ ಹೊಂದಿಸುವಾಗ ನಾನು ಇನ್ನೊಂದು ವಿಷಯ ಕಂಡುಕೊಂಡೆ. ಔಷಧಿ ಅಂಗಡಿಯಲ್ಲಿ ಒಂದು ಡಬ್ಬಿ ಗ್ಲೂಕೋಸ್ ಪುಡಿ ಕೊಂಡು, ಪಕ್ಕದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನಮ್ಮ ಮನೆಯ ಟೀ ಚಮಚದಿಂದ ಸುರಿದು ತೂಗಿಸಿದೆ. ಈ ಪುಡಿ ಸಕ್ಕರೆಗಿಂತ ಹಗುರ. ಸಮತಟ್ಟಾದ ಒಂದು ಚಮಚ ಸಕ್ಕರೆ ನಾಲ್ಕು ಗ್ರಾಂ ತೂಗಿದರೆ, ಗ್ಲೂಕೋಸ್ ಪುಡಿ ಮೂರು ಗ್ರಾಂ ಮಾತ್ರ ತೂಗಿತು. ಹದಿನೈದು ಗ್ರಾಂ ಆಗಬೇಕಾದರೆ ಐದು ಚಮಚ ಬೇಕು. ಅಭ್ಯಾಸಬಲದಿಂದ ಎರಡು ಚಮಚ ಹಾಕಿಕೊಂಡು ಕುಡಿದವನಿಗೆ ಆರು ಗ್ರಾಂ ಸಿಗುತ್ತದೆ, ಅದು ಸಾಲುವುದಿಲ್ಲ. ಕೈ ನಡುಗುವಾಗ ಚಮಚ ಎಣಿಸುವ ಕೆಲಸವೇ ಬೇಡವೆಂದು ಹದಿನೈದು ಗ್ರಾಂನಂತೆ ಹತ್ತು ಪೊಟ್ಟಣಗಳನ್ನು ಕಟ್ಟಿಸಿ, ತೇವ ತಾಗದ ಪ್ಲಾಸ್ಟಿಕ್ ಚೀಲಗಳಿಗೆ ಹಾಕಿ, ಅಂಗಿಯ ಜೇಬು, ಸ್ಕೂಟರಿನ ಡಿಕ್ಕಿ, ತೋಟದ ಪಂಪ್‌ಸೆಟ್ ಮನೆ, ಮಂಚದ ಪಕ್ಕ ಎಲ್ಲ ಕಡೆಯೂ ಇಟ್ಟಿದ್ದೇನೆ. ಒಂದು ಪೊಟ್ಟಣಕ್ಕೆ ಅರ್ಧ ಲೋಟದಷ್ಟು ನೀರು ಸಾಕು. ಪುಡಿಯನ್ನು ಕೊಳ್ಳುವಾಗ ಡಬ್ಬಿಯ ಹಿಂದಿನ ಪಟ್ಟಿಯನ್ನು ಓದಿ, ಡೆಕ್ಸ್‌ಟ್ರೋಸ್ ಅಥವಾ ಗ್ಲೂಕೋಸ್ ಎಂದೇ ಬಹುಪಾಲು ಇರುವುದನ್ನು ಆರಿಸಿಕೊಂಡೆ, ಏಕೆಂದರೆ ಹಣ್ಣಿನ ರುಚಿಯ ಕೆಲವು ಪುಡಿಗಳಲ್ಲಿ ಸಾಮಾನ್ಯ ಸಕ್ಕರೆಯೂ ಬೆರೆತಿರುತ್ತದೆ.

ಅದಾದ ಮೂರು ತಿಂಗಳಿಗೆ ತೋಟದಲ್ಲೇ ಮತ್ತೊಮ್ಮೆ ಇಳಿಯಿತು. ಮೀಟರ್ 62 ತೋರಿಸಿತು. ಪೊಟ್ಟಣ ಬಿಚ್ಚಿ, ನೀರಿನ ಬಾಟಲಿಯಲ್ಲಿದ್ದ ನೀರಿಗೆ ಕಲಸಿ ಒಂದೇ ಸಲಕ್ಕೆ ಕುಡಿದು, ನೆರಳಿನಲ್ಲಿ ಕುಳಿತೆ. ಎಂಟು ಹತ್ತು ನಿಮಿಷವಾದರೂ ನಡುಕ ಹಾಗೆಯೇ ಇತ್ತು, ಎರಡನೆಯ ಪೊಟ್ಟಣಕ್ಕೆ ಕೈ ಹೋಯಿತು. ಇಲ್ಲಿ ತಾಳ್ಮೆ ಕಷ್ಟ, ಆದರೆ ಬೇಕೇಬೇಕು. ರಕ್ತದಲ್ಲಿ ಸಕ್ಕರೆ ಏರಿದ ಮೇಲೂ ದೇಹದ ಗಾಬರಿ ಸ್ವಲ್ಪ ಹೊತ್ತು ಮುಂದುವರಿಯುತ್ತದೆ, ಆ ಗಾಬರಿಯನ್ನು ನಂಬಿ ತಿಂದದ್ದರಿಂದಲೇ ಹಿಂದಿನ ಸಲ ಸಂಜೆಗೆ 290 ಆದದ್ದು. ಹದಿನೈದು ನಿಮಿಷವಾದ ಮೇಲೆ ಅಳೆದಾಗ 214 ಬಂತು! ನಂಬಲಾಗದೆ ಬೆರಳನ್ನು ನೋಡಿಕೊಂಡರೆ ಪುಡಿ ಅಂಟಿಕೊಂಡಿತ್ತು. ಕೈ ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿ ನೋಡಿದಾಗ 88. ಬೆರಳಿಗೆ ಅಂಟಿದ ಗ್ಲೂಕೋಸನ್ನೂ ಸ್ಟ್ರಿಪ್ ರಕ್ತದ ಗ್ಲೂಕೋಸ್ ಎಂದೇ ಎಣಿಸುತ್ತದೆ. ನಿಜವಾಗಿ ಇನ್ನೂ ಅರವತ್ತರಲ್ಲೇ ಇರುವವನು ಇಂಥ ಸುಳ್ಳು ಅಂಕಿಯನ್ನು ನಂಬಿ ಎದ್ದು ಸ್ಕೂಟರ್ ಹತ್ತಿದರೆ ಏನಾಗಬಹುದೆಂದು ಯೋಚಿಸಿ ನನಗೆ ನಿಜಕ್ಕೂ ಭಯವಾಯಿತು. ಕುಡಿದ ಮೇಲೆ ಕೈ ತೊಳೆಯುವುದನ್ನು ಅಂದಿನಿಂದ ಒಮ್ಮೆಯೂ ತಪ್ಪಿಸಿಲ್ಲ.

ಸಕ್ಕರೆ ಏರಿತೆಂದು ಅಲ್ಲಿಗೆ ಮುಗಿಯಲಿಲ್ಲ. ಗ್ಲಿಮೆಪಿರೈಡ್‌ನ ಪರಿಣಾಮ ಇಡೀ ದಿನ ಇರುತ್ತದೆ, ಹದಿನೈದು ಗ್ರಾಂ ಗ್ಲೂಕೋಸ್ ಅಷ್ಟು ಹೊತ್ತು ನಿಲ್ಲುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಇನ್ನೂ ಎರಡು ಗಂಟೆ ಇದ್ದುದರಿಂದ ಮನೆಗೆ ಬಂದು ಒಂದು ಚಪಾತಿ, ಪಲ್ಯ ತಿಂದೆ. ಚಪಾತಿ ನಿಧಾನವಾಗಿ ಒಳಗೆ ಬರುವುದು ಈಗ ನನಗೆ ಬೇಕಾದದ್ದೇ ಆಗಿತ್ತು. ಊಟಕ್ಕೆ ಮುಂಚೆ, ಸಂಜೆ, ಮಲಗುವಾಗ ಮತ್ತೆ ಅಳೆದೆ. ಮೂರು ತಿಂಗಳಲ್ಲಿ ಎರಡು ಸಲ ಇಳಿದದ್ದನ್ನು ತಿಳಿಸಿದಾಗ ವೈದ್ಯರು ಗ್ಲಿಮೆಪಿರೈಡ್‌ನ ಪ್ರಮಾಣವನ್ನು ಕಡಿಮೆ ಮಾಡಿದರು. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಈ ಗುಂಪಿನ ಮಾತ್ರೆಗಳಿಂದ ಸಕ್ಕರೆ ಏರಿದ ಮೇಲೂ ಮತ್ತೆ ಮತ್ತೆ ಇಳಿಯಬಹುದು, ಅಂಥವರು ಆಸ್ಪತ್ರೆಯಲ್ಲಿ ಒಂದು ದಿನ ನಿಗಾದಲ್ಲಿ ಇರಬೇಕಾಗುತ್ತದೆ ಎಂದೂ ಹೇಳಿದರು.

ನೆಂಟರು, ನೆರೆಯವರು ಇಂಥ ಹೊತ್ತಿನಲ್ಲಿ ಪ್ರೀತಿಯಿಂದ ತಂದುಕೊಡುವ ಪಾನೀಯಗಳಲ್ಲಿ ಹಲವು ಕೆಲಸಕ್ಕೆ ಬರುವುದಿಲ್ಲ. ಹಾಲಿನಲ್ಲಿ ಸಕ್ಕರೆ ಕಡಿಮೆ, ಕೆನೆ ಇದ್ದರೆ ಹೊಟ್ಟೆಯಿಂದ ಮುಂದೆ ಹೋಗುವುದೂ ತಡ. ಹಾಲು ಹಾಕಿದ ಕಾಫಿಯೂ, ಚಾಕೊಲೇಟೂ ಹಾಗೆಯೇ. ಮಜ್ಜಿಗೆ, ರಾಗಿ ಅಂಬಲಿ ಬೇಡವೇ ಬೇಡ. ನಮ್ಮ ಕಡೆ ಎಲ್ಲದಕ್ಕೂ ಎಳನೀರು ಕೊಡುತ್ತಾರೆ. ತೆಂಗು ಬೆಳೆಯುವ ನನಗೆ ಹೇಳಲು ಸಂಕಟವಾದರೂ, ಅದರ ಸಕ್ಕರೆ ಕಾಯಿಯಿಂದ ಕಾಯಿಗೆ ಬೇರೆಯಾಗಿರುತ್ತದೆ, ಅಳತೆಗೆ ಸಿಗುವುದಿಲ್ಲ, ಮೇಲಾಗಿ ಮೂತ್ರಪಿಂಡದ ತೊಂದರೆ ಇರುವವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಅಪಾಯಕಾರಿ. ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಓಆರ್‌ಎಸ್ ಪೊಟ್ಟಣದಿಂದ. ಅದರ ಮೇಲೆ ಗ್ಲೂಕೋಸ್ ಎಂದು ಬರೆದಿರುವುದು ನಿಜ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣವನ್ನು ಕಲಸಿದ ಇಡೀ ಒಂದು ಲೀಟರ್ ನೀರಿನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್. ಒಂದು ಲೋಟದಲ್ಲಿ ಮೂರು ಗ್ರಾಂ ಕೂಡ ಸಿಗುವುದಿಲ್ಲ.

ಗ್ಲೂಕೋಸ್ ಪುಡಿ ಇಲ್ಲದ ಕಡೆ, ವೋಗ್ಲಿಬೋಸ್ ತೆಗೆದುಕೊಳ್ಳದವರು ಮಾಮೂಲಿ ಕೋಲಾ ಅಥವಾ ಹಣ್ಣಿನ ರಸವನ್ನು 150 ಮಿಲಿಲೀಟರ್, ಅಂದರೆ ಮುಕ್ಕಾಲು ಲೋಟದಷ್ಟು ಕುಡಿಯಬಹುದು. ಡಯಟ್ ಎಂದು ಬರೆದ ಕೋಲಾದಲ್ಲಿ ಸಕ್ಕರೆಯೇ ಇರುವುದಿಲ್ಲ, ಗಡಿಬಿಡಿಯಲ್ಲಿ ಡಬ್ಬಿಯ ಮೇಲಿನ ಅಕ್ಷರ ನೋಡದೆ ಕುಡಿಯಬಾರದು. ನನ್ನಂಥವರಿಗೆ ಪೊಟ್ಟಣ ಕೈಗೆ ಸಿಗದಿದ್ದರೆ ಜೇನುತುಪ್ಪ ವಾಸಿ, ಏಕೆಂದರೆ ಅದರಲ್ಲಿ ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಹೆಚ್ಚಿನಂಶ ಬಿಡಿಬಿಡಿಯಾಗಿಯೇ ಇರುತ್ತವೆ. ಒಂದು ದೊಡ್ಡ ಚಮಚವನ್ನು ನೀರಿಗೆ ಕಲಸಿಕೊಳ್ಳುತ್ತೇನೆ.

ಇದೆಲ್ಲ ನಾನು ಎಚ್ಚರವಾಗಿದ್ದು, ನುಂಗಲು ಆಗುವವರೆಗಿನ ಮಾತು. ಮಾತು ತೊದಲಿ, ಕರೆದರೆ ಸರಿಯಾಗಿ ಓಗೊಡದ ಸ್ಥಿತಿಗೆ ಹೋದರೆ ಬಾಯಿಗೆ ನೀರು, ಪುಡಿ, ಜೇನು ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು, ಬಂದವರಿಗೆ ಮಾತ್ರೆಯ ಹಾಳೆಯನ್ನು ತೋರಿಸಬೇಕು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ, ಮಾತ್ರೆಯ ಖಾಲಿ ಹಾಳೆಯೊಂದನ್ನು ಅದರ ಪಕ್ಕದಲ್ಲೇ ಸೂಜಿ ಚುಚ್ಚಿ ಇಟ್ಟಿದ್ದೇನೆ.