ನಗು ಅಳುವಿಗೆ ತಿರುಗುವ ಜಾಗ

ನನ್ನ ಕಥೆಯಲ್ಲಿ ಮರೆವಿನ ಅಜ್ಜ ಹಣೆಯ ಮೇಲೇ ಕನ್ನಡಕವಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾನೆ. ಮೂರು ಪುಟ ನಗು. ನಾಲ್ಕನೆಯದರಲ್ಲಿ ಹೃದಯಾಘಾತ, ಸಾವು. ಓದಿದ ಗೆಳತಿ, "ಎರಡು ಕಥೆಗಳನ್ನು ಅಂಟಿಸಿದಂತಿದೆ" ಎಂದಳು.

ಮೊದಲು "ಇದ್ದಕ್ಕಿದ್ದಂತೆ ಎಲ್ಲವೂ ಬದಲಾಯಿತು" ಎಂಬ ವಾಕ್ಯ ಸೇರಿಸಿದೆ. ಇನ್ನೂ ಕೆಟ್ಟಿತು, ಓದುಗರಿಗೆ ಅಳಲು ಅಪ್ಪಣೆ ಕೊಟ್ಟಂತಾಯಿತು. ಅದನ್ನೂ ಹೃದಯಾಘಾತವನ್ನೂ ಕಿತ್ತುಹಾಕಿದೆ. ನಗಿಸಿದ ಮರೆವೇ ನೋಯಿಸಬೇಕಿತ್ತು. ಈಗ ಎರಡನೆಯ ಪುಟದಲ್ಲಿ ಅಜ್ಜ ಮೊಮ್ಮಗಳನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಾನೆ. ಎಲ್ಲರೂ ನಗುತ್ತಾರೆ, ಅವಳೊಬ್ಬಳು ಅರೆಗಳಿಗೆ ತಡವಾಗಿ. ಕೊನೆಯಲ್ಲಿ ಅವಳು ಎಂದಿನಂತೆ ಅವನ ಹಣೆಯಿಂದ ಕನ್ನಡಕ ಇಳಿಸಿ ಕಣ್ಣಿಗಿಡುತ್ತಾಳೆ. ಅಜ್ಜ ದಿಟ್ಟಿಸಿ ನೋಡಿ, "ನೀವು ಯಾರಮ್ಮ?" ಎನ್ನುತ್ತಾನೆ.

ವಾಕ್ಯಗಳ ಓಟ ಹಾಸ್ಯದ ಭಾಗದಲ್ಲಿದ್ದಂತೆಯೇ ಇದೆ. "ದುಃಖ" ಎಂಬ ಪದ ಎಲ್ಲಿಯೂ ಇಲ್ಲ. ನಗುತ್ತಲೇ ಓದುತ್ತಿದ್ದ ಗೆಳತಿ ಈ ಸಲ ಆ ಸಾಲಿನಲ್ಲಿ ನಿಂತುಬಿಟ್ಟಳು.